ಚೂಡಾಮಣಿಯ ಮೂಗು ಮತ್ತು ಬಾಣಂತಿ ಕೋಣೆ

ಜಯನಗರದ ಟಿ ಬ್ಲಾಕಿನಲ್ಲಿ ಚೂಡಾಮಣಿಯ ಮೂಗಿಗಿದ್ದ ಮರ್ಯಾದೆ ಬೀದಿಯ ಗಣಪತಿ ಕಮಿಟಿ ಅಧ್ಯಕ್ಷರಿಗೂ ಇರಲಿಲ್ಲ. ಶ್ರೀನಗರದ ಊದುಬತ್ತಿ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಪರಿಮಳ ಪರೀಕ್ಷೆ ಮಾಡಿ ರಿಟೈರ್ ಆದ ಮೂಗು ಅದು. ಮೂರನೇ ಮನೆಯಲ್ಲಿ ಹಾಲು ತಳ ಹತ್ತಿದರೆ ಆ ಮನೆಯವರಿಗಿಂತ ಮೊದಲು ಇವಳಿಗೆ ಗೊತ್ತಾಗುತ್ತಿತ್ತು. ಕಾಫಿಪುಡಿಗೆ ಚಿಕೋರಿ ಎಷ್ಟು ಬೆರೆಸಿದ್ದಾರೆಂದು ಪೊಟ್ಟಣ ಬಿಚ್ಚದೆಯೇ ಹೇಳುತ್ತಿದ್ದಳು. ಇಂಥ ಮೂಗಿನ ಒಡತಿ ಬದುಕಿಡೀ ನಂಬಿದ್ದು ಒಂದೇ ಸಿದ್ಧಾಂತ: ಕೆಟ್ಟ ವಾಸನೆಯನ್ನು ಒಳ್ಳೆಯ ವಾಸನೆ ಗೆಲ್ಲುತ್ತದೆ. ಕಾರ್ಖಾನೆ ಅವಳಿಗೆ ಸಂಬಳ ಕೊಡುತ್ತಿದ್ದುದೇ ಆ ಸಿದ್ಧಾಂತಕ್ಕೆ.

ಒಬ್ಬಳೇ ಮಗಳು ತನ್ಮಯಿ ಬಸುರಿಯಾದಾಗ ಚೂಡಾಮಣಿ ದಂಡಯಾತ್ರೆಗೆ ಹೊರಟವಳಂತೆ ಸೊಂಟಕ್ಕೆ ಸೆರಗು ಸಿಗಿಸಿದಳು. ಮೂರು ತಿಂಗಳ ಬಾಣಂತನ ತನ್ನ ಮನೆಯಲ್ಲೇ, ಮೊಮ್ಮಗು ತನ್ನ ಮಡಿಲಲ್ಲೇ. ಇದಕ್ಕಿಂತ ಹೆಚ್ಚಿನದೇನನ್ನೂ ಅವಳು ದೇವರ ಹತ್ತಿರ ಕೇಳಿರಲಿಲ್ಲ. ಹಿಂದಿನ ಸಾಮಾನು ಕೋಣೆ ಖಾಲಿಯಾಯಿತು. ಪಾರ್ಟಿಕಲ್ ಬೋರ್ಡಿನ ಬೀರು, ಅದಕ್ಕೊಪ್ಪುವ ಮಂಚ, ಪ್ಲಾಸ್ಟಿಕ್ ಹೊದಿಕೆಯೊಳಗೇ ಉಬ್ಬಿ ಕೂತ ಫೋಮ್ ಹಾಸಿಗೆ, ಮಗುವಿನ ಬಟ್ಟೆ ಬದಲಿಸಲು ಬಾತುಕೋಳಿ ಚಿತ್ರದ ರಬ್ಬರಿನಂಥ ಹಾಳೆ, ಬಾಗಿಲು ಕಿಟಕಿಗೆ ಹೊಳೆಯುವ ಆಯಿಲ್ ಪೇಂಟು. ಬರಬೇಕಾದ ಸಾಮಾನೆಲ್ಲ ತಿಂಗಳು ತಡವಾಗಿ ಬಂದು, ಕೆಲಸ ಮುಗಿದಾಗ ಹೆರಿಗೆಗೆ ಹತ್ತು ದಿನ ಉಳಿದಿತ್ತು.

ಬ್ರಷ್ಷು ತೊಳೆಯುತ್ತಿದ್ದ ಪೇಂಟರ್ ಪಿಳ್ಳಪ್ಪ ಹೊರಡುವ ಮುಂಚೆ ಬಾಗಿಲಲ್ಲಿ ನಿಂತ. ನಲವತ್ತು ವರ್ಷ ಗೋಡೆ ಬಳಿದು, ಮೆಟ್ಟಿಲು ಹತ್ತಿದರೆ ಕೆಮ್ಮುವ ಮನುಷ್ಯ.

"ಅಮ್ಮೋರೆ, ಒಂದು ತಿಂಗಳು ಈ ರೂಮಲ್ಲಿ ಯಾರನ್ನೂ ಮಲಗಿಸ್ಬೇಡಿ. ಕಿಟಕಿ ತೆಗೆದೇ ಇಡಿ. ಬೀರು ಬಾಗ್ಲೂ ತೆಗೆದಿಡಿ, ಒಳಗಡೆನೇ ಜಾಸ್ತಿ ಘಾಟು."

"ತಿಂಗಳು ಎಲ್ಲಿದೆ ಪಿಳ್ಳಪ್ಪ? ವಾಸನೆ ತಾನೇ, ಅದು ನನಗೆ ಬಿಡು."

"ಸೆಂಟು ಗಿಂಟು ಹೊಡೀಬೇಡಿ ಮತ್ತೆ. ಅದು ಹೋಗಲ್ಲ, ಅವಿತ್ಕೊಳ್ಳತ್ತೆ."

ಮಲ್ಲಿಗೆ, ಗಂಧ, ಪಚ್ಚೆತೆನೆಗಳನ್ನು ಕಣ್ಣು ಮುಚ್ಚಿ ಬೇರ್ಪಡಿಸಿದವಳಿಗೆ ಟರ್ಪೆಂಟೈನ್ ಕೈಯವನೊಬ್ಬ ವಾಸನೆಯ ಪಾಠ ಹೇಳುವುದೇ? ಚೂಡಾಮಣಿ ನಕ್ಕು, ಅವನಿಗೆ ಕಾಫಿ ಕೊಟ್ಟು ಕಳಿಸಿದಳು.

ತನ್ಮಯಿಗೆ ನೋವು ವಾರ ಮೊದಲೇ ಬಂತು. ಗಂಡುಮಗು. ಅವರು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಅಜ್ಜಿ ಯುದ್ಧ ಸಾರಿಯಾಗಿತ್ತು. ಕಾಲುಗಂಟೆಗೊಮ್ಮೆ ತಾನಾಗಿ ಚುಸ್ ಎನ್ನುವ ಲ್ಯಾವೆಂಡರ್ ಡಬ್ಬಿ ಗೋಡೆಗೆ. ಮಂಚದ ಕೆಳಗೆ ಕೈಯಲ್ಲಿ ಹೊಡೆಯುವ ನಿಂಬೆ ಸ್ಪ್ರೇ. ಬೆಳಗ್ಗೆ ಸಂಜೆ ಸಾಂಬ್ರಾಣಿ ಹೊಗೆ. ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿ ಭದ್ರ, ಮೂಲೆಯಲ್ಲಿ ಹೀಟರು. ಮೊದಲ ದಿನ ಲ್ಯಾವೆಂಡರ್ ಅಡಿಯಿಂದ ಏನೋ ಚುಚ್ಚಿದಂತಾಯಿತು. ಎರಡನೇ ದಿನ ಅದೂ ಇಲ್ಲ. ಶತ್ರು ಪಲಾಯನ ಮಾಡಿದನೆಂದು ಚೂಡಾಮಣಿ ಘೋಷಿಸಿದಳು.

"ಏನೂ ವಾಸನೆ ಇಲ್ಲ ನೋಡ್ರೀ," ಅಂದಳು ಗಂಡನಿಗೆ.

"ಇಲ್ಲೇ ಕೂತು ಕೂತು ನಿನ್ ಮೂಗು ಸತ್ತಿದೆ ಕಣೇ," ಅಂದ ಅನಂತರಾಮು, ಕಣ್ಣೊರೆಸಿಕೊಳ್ಳುತ್ತ. "ಹೊರಗಿಂದ ಬಂದ್ರೆ ನನಗೆ ಕಣ್ಣುರಿ."

"ನಿಮ್ಮದು ಕನ್ನಡಕ ಬದಲಾಯಿಸೋ ಕಣ್ಣು."

ತನ್ಮಯಿಗೆ ತಲೆನೋವು, ಗಂಟಲು ಕೆರೆತ. ಬಾಣಂತಿ ಶೀತ ಎಂದು ಮೆಣಸಿನ ಸಾರು ಬಂತು, ಕಿಟಕಿ ಇನ್ನಷ್ಟು ಭದ್ರವಾಯಿತು. "ಅಮ್ಮ, ಅದೊಂದು ಡಬ್ಬಿ ಆಫ್ ಮಾಡು, ತಲೆ ಸಿಡೀತಿದೆ," ಎಂದು ಮಗಳು ಎರಡು ಸಲ ಕೇಳಿದಳು. ಎರಡು ಸಲವೂ ಅಮ್ಮ ಆಫ್ ಮಾಡಿದಳು. ಮಗಳು ನಿದ್ದೆಹೋದ ಮೇಲೆ ಮತ್ತೆ ಆನ್ ಮಾಡಿದಳು.

ಮಗುವಿನ ಮೂಗು ಕಟ್ಟಿತು. ಕೆಮ್ಮು ಬಂತು. ಒಂಬತ್ತನೇ ದಿನ ಮಧ್ಯಾಹ್ನ ಅದು ಹಾಲು ಕುಡಿಯುವುದನ್ನು ಬಿಟ್ಟಿತು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಚರ್ಮ ಗುಳಿ ಬೀಳುತ್ತಿತ್ತು. ಆಟೋದಲ್ಲಿ ಚೂಡಾಮಣಿ ಉಸಿರು ಎಣಿಸಿದಳು, ನಿಮಿಷಕ್ಕೆ ಎಪ್ಪತ್ತೆರಡು; ಎಳೆಗೂಸಿಗೆ ಅರವತ್ತು ದಾಟಬಾರದು. ಎಣಿಸಿದ್ದು ತಪ್ಪಿರಲಿ ಎಂದು ಮತ್ತೆ ಎಣಿಸಿದಳು.

ಆಸ್ಪತ್ರೆಯಲ್ಲಿ ಮಗುವಿಗೆ ಆಕ್ಸಿಜನ್ ಹಾಕಿದ ಮೇಲೆ ಡಾಕ್ಟರಮ್ಮ ಕೇಳಿದರು, "ಮನೇಲಿ ಹೊಸದಾಗಿ ಏನಾದ್ರೂ ಮಾಡಿಸಿದ್ರಾ?"

ತನ್ಮಯಿ ಒಂದೊಂದಾಗಿ ಹೇಳಿದಳು. ಚೂಡಾಮಣಿ ನಡುವೆ ಬಾಯಿ ಹಾಕಿದಳು. "ವಾಸನೆ ಒಂದಿಷ್ಟೂ ಇರಲಿಲ್ಲ ಡಾಕ್ಟ್ರೇ. ನಾನೇ ಸ್ಪ್ರೇ ಮಾಡ್ತಿದ್ದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೋಡಿ ಅಮ್ಮ, ಶುರು ಮಾಡಿದ್ದು ವೈರಸ್ಸೇ ಇರಬಹುದು. ಆ ರೂಮಿಂದಲೇ ಹೀಗಾಯ್ತು ಅಂತ ನಾನು ಆಣೆ ಮಾಡಿ ಹೇಳಲ್ಲ. ಆದರೆ ಬೋರ್ಡಿನ ಅಂಟಿಂದ ಫಾರ್ಮಾಲ್ಡಿಹೈಡ್ ಅನ್ನೋ ಗ್ಯಾಸು ತಿಂಗಳುಗಟ್ಟಲೆ ಬರ್ತಾ ಇರತ್ತೆ. ಪೇಂಟು, ಫೋಮು, ಪ್ಲಾಸ್ಟಿಕ್ಕಿಂದ ಬೇರೆ ಬೇರೆ. ರೂಮು ಬೆಚ್ಚಗಿದ್ದಷ್ಟೂ ಜಾಸ್ತಿ. ಊದಿಕೊಂಡ ಶ್ವಾಸನಾಳಕ್ಕೆ ಅದೆಲ್ಲ ಉರಿ. ಸ್ಪ್ರೇ ಅದರಲ್ಲಿ ಒಂದು ಚೂರನ್ನೂ ಹೊರಗೆ ಹಾಕಲ್ಲ, ತನ್ನ ಕೆಮಿಕಲ್ ಸೇರಿಸತ್ತೆ ಅಷ್ಟೆ. ಹೊಗೆನೂ ಹಾಗೇ."

"ವಾಸನೆ ಹೋಗಿತ್ತಲ್ಲ," ಅಂದಳು ಚೂಡಾಮಣಿ, ಈ ಸಲ ಸಣ್ಣ ದನಿಯಲ್ಲಿ.

"ವಾಸನೆ ಇದ್ದಿದ್ರೆ ಕಿಟಕಿ ತೆಗೀತಿದ್ರಿ."

ಐದು ದಿನ ಆಸ್ಪತ್ರೆ. ತನ್ಮಯಿ ಅಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಚೂಡಾಮಣಿಗೆ ಮಾತಿಗೆ ಮಾತು ಜೋಡಿಸಲು ಬರುತ್ತಿತ್ತು.

ಐದನೇ ದಿನ ಮಗುವಿನ ಬಟ್ಟೆ ತರಲೆಂದು ಅವಳು ಮನೆಗೆ ಬಂದಳು. ಲ್ಯಾವೆಂಡರ್ ಡಬ್ಬಿ ಖಾಲಿಯಾಗಿ, ಕಾಲುಗಂಟೆಗೊಮ್ಮೆ ಒಣಗಂಟಲಲ್ಲಿ ಟಕ್ಕೆನ್ನುತ್ತಿತ್ತು. ಆಸ್ಪತ್ರೆಯ ಗಾಳಿಯಲ್ಲಿ ಐದು ದಿನ ಕಳೆದು ಮೂಗು ತನ್ನ ಹಳೆಯ ಕೆಲಸಕ್ಕೆ ಮರಳಿತ್ತು. ಕೋಣೆಯ ಬಾಗಿಲು ತೆರೆದಳು. ಬೀರು ತೆರೆದಳು. ಘಾಟು ಮುಖಕ್ಕೆ ಹೊಡೆಯಿತು. ಕಣ್ಣಲ್ಲಿ ನೀರು ಬಂತು. ಬೋರ್ಡಿನ ಅಂಟು, ಎಣ್ಣೆ ಬಣ್ಣ, ಹಾಸಿಗೆಯ ಫೋಮು, ಆ ಬಾತುಕೋಳಿ ಹಾಳೆ, ಒಂದೊಂದನ್ನೂ ಬೇರೆ ಬೇರೆಯಾಗಿ ಗುರುತಿಸಿತು ಆ ಮೂಗು; ಇಪ್ಪತ್ತೆಂಟು ವರ್ಷದ ಅಭ್ಯಾಸ. ಯಾವುದೂ ಓಡಿಹೋಗಿರಲಿಲ್ಲ. ಮಗುವಿನ ತಲೆಯಿದ್ದ ಜಾಗದಲ್ಲಿ ಮೂಗಿಟ್ಟು ನೋಡಿದಳು. ಅಲ್ಲೂ ಅದೇ.

ಕಿಟಕಿಗಳನ್ನು ತೆಗೆದಳು. ಅನಂತರಾಮುವನ್ನು ಕರೆದು ಹಾಸಿಗೆಯನ್ನು ತಾರಸಿಗೆ ಎಳೆದಳು. ಪಿಳ್ಳಪ್ಪನಿಗೆ ಫೋನು ಮಾಡಿ, "ನೀನು ಹೇಳಿದ್ದೆ," ಎಂದಷ್ಟೇ ಹೇಳಿದಳು.

"ಮಗು ಹೆಂಗೈತೆ ಅಮ್ಮೋರೆ?" ಅಂದ ಅವನು.

ಮಗು ಮನೆಗೆ ಹೋಯಿತು, ಆದರೆ ಆ ಮನೆಗಲ್ಲ. ಗೊಟ್ಟಿಗೆರೆಯಲ್ಲಿ ತನ್ಮಯಿಯ ಅತ್ತೆ ವಾರಿಜಾಳ ಮನೆಗೆ. ಅಲ್ಲಿ ಹಳೇ ಬೀಟೆ ಮಂಚ, ಅರಳೆ ಹಾಸಿಗೆ, ತೆರೆದ ಕಿಟಕಿ. ಮುಂದಿನ ಮೂರು ತಿಂಗಳೂ ಅಲ್ಲೇ ಎಂದು ತನ್ಮಯಿ ಫೋನಿನಲ್ಲಿ ತಿಳಿಸಿದಳು. ಚೂಡಾಮಣಿ ಹೂಂ ಅಂದಳು.

ಭಾನುವಾರ ಅವಳು ಸೋಪು ಹಚ್ಚದೆ ತಲೆಗೆ ನೀರು ಹಾಕಿಕೊಂಡಳು. ಬರಿಯ ನೀರಿನಲ್ಲಿ ಅದ್ದಿ ಒಣಗಿಸಿದ ಸೀರೆ ಉಟ್ಟಳು. ಪೌಡರಿಲ್ಲ, ಜಡೆಗೆ ಮಲ್ಲಿಗೆಯಿಲ್ಲ. ನಲವತ್ತು ವರ್ಷದಲ್ಲಿ ಹೂವಿಲ್ಲದೆ ಹೊಸ್ತಿಲು ದಾಟಿದವಳಲ್ಲ.

ಗೊಟ್ಟಿಗೆರೆಯ ಬಾಗಿಲಲ್ಲಿ, ಇಂಗಿಗೂ ಏಲಕ್ಕಿಗೂ ವ್ಯತ್ಯಾಸ ತಿಳಿಯದ ವಾರಿಜಾ ಬೀಗಿತ್ತಿಯ ಹೆಗಲ ಬಳಿ ಮೂಗು ತಂದು ಮೂಸಿದಳು.

"ಬೇಜಾರು ಮಾಡ್ಕೋಬೇಡಿ ಚೂಡಾಮಣಿಯವ್ರೇ."

"ಸರಿಯಾಗಿ ಮೂಸಿ," ಅಂದಳು ಚೂಡಾಮಣಿ, ಇನ್ನೊಂದು ಹೆಗಲನ್ನೂ ಒಡ್ಡುತ್ತ.

ತನ್ಮಯಿ ಮಗುವನ್ನು ಅವಳ ಮಡಿಲಿಗೆ ಹಾಕಿದಳು. "ಹತ್ತು ನಿಮಿಷ ಅಮ್ಮ. ಆಮೇಲೆ ಅವನು ಮಲಗ್ಬೇಕು."

ಮಗುವಿನ ಎದೆಯೊಳಗೆ ಇನ್ನೂ ಸಣ್ಣಗೆ ಕುಯ್‌ಗುಡುವ ಸದ್ದಿತ್ತು. ಚೂಡಾಮಣಿ ಎದುರಿನ ಗೋಡೆ ಗಡಿಯಾರ ನೋಡುತ್ತ ಉಸಿರು ಎಣಿಸಿದಳು. ನಲವತ್ತೆಂಟು. ಮತ್ತೆ ಎಣಿಸಿದಳು.