ಮೂರನೆಯ ವಾಕ್ಯ

ಆಸ್ಪತ್ರೆಯ ಲಾಂಡ್ರಿಯಲ್ಲಿ ಮೌನರಾಯರ ಗಂಟಲು ಪ್ರಸಿದ್ಧವಾಗಿತ್ತು. ಆರು ಯಂತ್ರಗಳು ಒಟ್ಟಿಗೆ ಗರಗರ ಎನ್ನುತ್ತಿದ್ದರೂ ಅವರ ಒಂದು ಕೂಗು ಬಾಗಿಲಾಚೆಯ ಕೈಗಾಡಿಯನ್ನು ನಿಲ್ಲಿಸುತ್ತಿತ್ತು. ಹಾಗಿದ್ದರೆ ಮೌನರಾಯ ಎಂಬ ಬಿರುದು ಹೇಗೆ ಬಂತೆಂದು ಹೊಸಬರು ಕೇಳುವುದುಂಟು. ಸೋಮವಾರ ಹತ್ತು ಗಂಟೆಗೆ ಮೇಲಿನ ಮಹಡಿಯ ಮೀಟಿಂಗಿಗೆ ಒಮ್ಮೆ ಹೋಗಿ ನೋಡಿ ಎಂಬುದೇ ಉತ್ತರ.

ಅಲ್ಲಿ ಉದ್ದ ಮೇಜಿನ ತುದಿಯಲ್ಲಿ ಆಡಳಿತಾಧಿಕಾರಿ ಕೂರುತ್ತಿದ್ದರು. ಒಬ್ಬರ ವರದಿ ಕೇಳುತ್ತಲೇ ಇನ್ನೊಬ್ಬರ ಮೇಲೆ ಪ್ರಶ್ನೆಯ ಬಾಣ ಬಿಡುವುದು ಅವರ ಯುದ್ಧನೀತಿ. ಬಾಣ ಬಂತೆಂದರೆ ಇಪ್ಪತ್ತೆರಡು ವರ್ಷ ಲಾಂಡ್ರಿ ಆಳಿದ ನಮ್ಮ ವೀರ ಪೆನ್ನಿನ ಮುಚ್ಚಳವನ್ನು ತೆಗೆದು, ಹಾಕಿ, ಮತ್ತೆ ತೆಗೆದು, "ಹೌದು ಸಾರ್" ಎನ್ನುತ್ತಿದ್ದ. ಪ್ರಶ್ನೆ "ಎಷ್ಟು" ಎಂದಿದ್ದರೂ ಉತ್ತರ "ಹೌದು ಸಾರ್." ಒಮ್ಮೆ ಮೇಟ್ರನ್, "ಹಾಗಾದ್ರೆ ನಮ್ಮ ವಾರ್ಡಿನ ದಿಂಬಿನ ಚೀಲ ಎಲ್ಲಾ ನೀವೇ ತಿಂದ್ರಾ?" ಎಂದಾಗಲೂ ರಾಯರು ಹೌದೆಂದು ಒಪ್ಪಿಕೊಂಡಿದ್ದರು.

ಈ ಅಪಕೀರ್ತಿಗೆ ಮದ್ದು ಅರೆದವಳು ಸೂಜಿಯಕ್ಕ. ಲಾಂಡ್ರಿಯ ಹಿಂದಿನ ಒಂಟಿ ಕಿಟಕಿಯ ಕೋಣೆಯಲ್ಲಿ, ಕಾಲುಮಣೆ ತುಳಿದು ಓಡಿಸುವ ಹೊಲಿಗೆ ಯಂತ್ರದ ಮುಂದೆ ಕುಳಿತು, ಹರಿದ ಬೆಡ್‌ಶೀಟುಗಳಿಗೆ ತೇಪೆ ಹಾಕುವುದು ಆಕೆಯ ಕೆಲಸ. ಗಂಡ ಸೊಂಟ ಮುರಿದುಕೊಂಡು ಮಲಗಿ ನಾಲ್ಕು ವರ್ಷ. ಮನೆ ನಿಂತಿದ್ದು ಆ ಕಾಲುಮಣೆಯ ಮೇಲೆಯೇ. ಮೊದಲು ಬಡಾವಣೆಯ ಮಹಿಳಾ ಸಂಘಕ್ಕೆ ಹತ್ತು ವರ್ಷ ಕಾರ್ಯದರ್ಶಿಯಾಗಿದ್ದವಳು. ನಲವತ್ತು ಹೆಂಗಸರು ಒಟ್ಟಿಗೆ ಎದ್ದು ಪ್ರಶ್ನೆ ಕೇಳುವ ಸಭೆಯಲ್ಲಿ ಬದುಕುಳಿದವಳಿಗೆ ಆಡಳಿತಾಧಿಕಾರಿ ಯಾವ ಲೆಕ್ಕ?

"ಒಳಗೆಲ್ಲಾ ಗೊತ್ತಿದ್ದೂ ಹೊರಗೆ ಯಾಕೆ ಬರಲ್ಲ?" ಎಂದು ಒಂದು ಮಧ್ಯಾಹ್ನ ಕೇಳಿದಳು.

"ಎಲ್ಲಾ ಒಟ್ಟಿಗೆ ಬಾಗಿಲಿಗೆ ಬರ್ತವೆ ಅಕ್ಕ. ಒಂದೂ ಆಚೆ ಬೀಳಲ್ಲ."

"ಹಾಗಾದ್ರೆ ಸಾಲಾಗಿ ನಿಲ್ಸಿ. ಮೊದಲು ಹೇಗಿತ್ತು, ಈಗ ಹೇಗಿದೆ, ಮುಂದೇನು. ಮೂರು ವಾಕ್ಯ. ಪ್ರಶ್ನೆ ಬಂದ ತಕ್ಷಣ ಬಾಯಿ ತೆಗೀಬೇಡಿ, ಒಂದು ಉಸಿರು ಎಳ್ಕೊಳ್ಳಿ. ಮೂರು ಮುಗಿದ ಮೇಲೆ ಸುಮ್ಮನಾಗಿ. ಅದರಲ್ಲಂತೂ ನೀವು ಪಂಡಿತರು."

ಅಂದಿನಿಂದ ಊಟದ ಬಿಡುವಿನಲ್ಲಿ ಶಸ್ತ್ರಾಭ್ಯಾಸ ಶುರುವಾಯಿತು. ರಾಯರು ಬಾಯಿಗೆ ತುತ್ತು ಇಡುವ ಹೊತ್ತಿಗೇ ಅಕ್ಕ ದಾರ ಕಚ್ಚಿ ಕತ್ತರಿಸುತ್ತಾ, "ಸೋಪಿನ ಪುಡಿ ಯಾಕೆ ಜಾಸ್ತಿ ಖರ್ಚಾಯ್ತು?" ಎನ್ನುವಳು. ರಾಯರು ತುತ್ತು ನುಂಗಿ, ಉಸಿರೆಳೆದು, ಹಿಂದಿನ ತಿಂಗಳಿಂದ ಹೊರಟು ಮುಂದಿನ ತಿಂಗಳಿಗೆ ತಲುಪುವರು. ಒಂದೊಂದು ದಿನ ಮಧ್ಯದಲ್ಲೇ ದಾರಿ ತಪ್ಪಿ ಇಪ್ಪತ್ತು ವರ್ಷ ಹಿಂದಿನ ಸೋಪಿನ ಗುಣಗಾನಕ್ಕೆ ಇಳಿದುಬಿಡುವರು. "ಅಷ್ಟು ಹಿಂದೆ ಬೇಡ, ಪ್ರಶ್ನೆಗೆ ಬೇಕಾದಷ್ಟೇ ಹಿಂದೆ ಹೋಗಿ" ಎಂದು ಅಕ್ಕ ಕಿವಿ ಹಿಂಡಿ ಕರೆತರುವಳು.

ಒಂದು ಸೋಮವಾರ ಬಾಣ ಬಂತು. ಬಾಯ್ಲರ್ ಕಥೆ ಏನು?

ಪೆನ್ನು ಜೇಬಿನಲ್ಲೇ ಉಳಿಯಿತು. ರಾಯರು ಉಸಿರೆಳೆದರು. "ಹೋದ ತಿಂಗಳು ಬಾಯ್ಲರ್ ನಾಲ್ಕು ಸಲ ನಿಂತಿತ್ತು ಸಾರ್. ವಾಲ್ವ್ ಬದಲಾಯಿಸಿದ ಮೇಲೆ ಈಗ ಎರಡು ವಾರದಿಂದ ಒಂದು ಸಲವೂ ನಿಂತಿಲ್ಲ. ಇನ್ನೊಂದು ವಾಲ್ವ್ ಸವೆದಿದೆ, ಗುರುವಾರ ಅದನ್ನೂ ಬದಲಾಯಿಸ್ತೀವಿ."

ಮೇಟ್ರನ್ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಮೇಜಿನ ಸುತ್ತ ಪುಷ್ಪವೃಷ್ಟಿಯಾಗಲಿಲ್ಲ, ನಿಜ. ಆದರೆ ಬಿಸ್ಕತ್ತಿನ ತಟ್ಟೆ ಮೊದಲ ಬಾರಿಗೆ ರಾಯರ ಕಡೆ ಸರಿಯಿತು. ಮುಂದಿನ ಎರಡು ತಿಂಗಳು ಅವರದೇ ದಿಗ್ವಿಜಯ. ಬೇರೆ ವಿಭಾಗದವರೂ ಮೀಟಿಂಗಿಗೆ ಮೊದಲು ಮೆಟ್ಟಿಲ ಬಳಿ ಅವರನ್ನು ತಡೆದು ಉಪಾಯ ಕೇಳತೊಡಗಿದರು. ರಾಯರ ನಡಿಗೆಯೇ ಬದಲಾಯಿತು.

ಆ ನಡುವೆ ಆಸ್ಪತ್ರೆಗೆ ದಪ್ಪ ನೂಲಿನ ಹೊಸ ಬೆಡ್‌ಶೀಟುಗಳು ಬಂದಿದ್ದವು. "ಹೊಸ ಬಟ್ಟೆ ಹೇಗಿದೆ ರಾಯರೇ?" ಎಂದರು ಆಡಳಿತಾಧಿಕಾರಿ.

"ಮೊದಲು ವಾರಕ್ಕೆ ಅರವತ್ತು ಹರಿದು ಬರ್ತಿದ್ವು ಸಾರ್. ಈಗ ಹನ್ನೆರಡು."

ಎರಡು ವಾಕ್ಯ ಮುಗಿದವು. ಮೂರನೆಯದು ರಾಯರ ಬಳಿ ಇರಲಿಲ್ಲ. ಅದರ ಬಗ್ಗೆ ಅವರು ಯೋಚಿಸಿಯೇ ಇರಲಿಲ್ಲ. ಆದರೆ ಎಲ್ಲರ ಮುಖ ಅವರತ್ತ ತಿರುಗಿತ್ತು, ನಾಲಿಗೆ ಇಳಿಜಾರಿನಲ್ಲಿತ್ತು. ಅರವತ್ತು, ಹನ್ನೆರಡು, ಆಮೇಲೆ? ಇಳಿಜಾರೇ ಉತ್ತರ ಕೊಟ್ಟಿತು.

"ಹೀಗೇ ಹೋದ್ರೆ ಮುಂದಿನ ವರ್ಷ ಹೊಲಿಗೆ ಕೋಣೆಯೇ ಬೇಕಾಗಲ್ಲ ಸಾರ್."

ಎಲ್ಲರೂ ನಕ್ಕರು. ಆಡಳಿತಾಧಿಕಾರಿ "ಭೇಷ್" ಎಂದು ಏನೋ ಬರೆದುಕೊಂಡರು. ರಾಯರು ನೆಲದಿಂದ ಎರಡಂಗುಲ ಮೇಲೆ ನಡೆಯುತ್ತಾ ನೇರ ಗುರುವಿನ ಬಳಿಗೆ ಬಂದರು.

"ಅಕ್ಕ, ಇವತ್ತು ಭೇಷ್ ಸಿಕ್ತು."

"ಹೌದಾ? ಹೇಳಿ ಹೇಳಿ, ಏನು ಕೇಳಿದ್ರು?"

ರಾಯರು ಬಾಗಿಲಲ್ಲೇ ನಿಂತು, ಎದೆ ಸೆಟೆಸಿ, ಒಪ್ಪಿಸತೊಡಗಿದರು. ಮೊದಲ ವಾಕ್ಯಕ್ಕೆ ಅಕ್ಕ ತಲೆದೂಗಿದಳು. ಎರಡನೆಯದಕ್ಕೂ ತೂಗಿದಳು. ಮೂರನೆಯದರ ನಟ್ಟನಡುವೆ, "ಹೊಲಿಗೆ" ಎಂಬಲ್ಲಿ, ರಾಯರ ಕಿವಿಗೆ ತಮ್ಮ ಬಾಯಿಯ ಮಾತು ಮೊದಲ ಬಾರಿಗೆ ಬಿತ್ತು. ಉಳಿದದ್ದು ಗಂಟಲಲ್ಲೇ ನಿಂತಿತು.

"ಮುಗ್ಸಿ" ಎಂದಳು ಅಕ್ಕ.

ಅವರು ಮುಗಿಸಿದರು. ಕಾಲುಮಣೆ ನಿಂತಿತು. ಆಕೆ ಸೂಜಿಯ ಕೆಳಗಿದ್ದ ಬಟ್ಟೆಯನ್ನು ಬೆರಳಿಂದ ಸವರಿ ಸುಕ್ಕು ತೆಗೆದಳು. ಅಲ್ಲಿ ಸುಕ್ಕೇನೂ ಇರಲಿಲ್ಲ.

"ಬರ್ಕೊಂಡ್ರಾ?"

"ಬರ್ಕೊಂಡ್ರು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮುತ್ತಾದರೆ ಚೂರಾದರೂ ಸಿಗುತ್ತದೆ. ರಾಯರು ಆ ವಾರವೆಲ್ಲ ಹಳೆಯ ದಾಖಲೆ ಪುಸ್ತಕಗಳನ್ನು ಕೆದಕಿದರು. ಆರು ವರ್ಷ ಹಿಂದೆಯೂ ಹೊಸ ಶೀಟು ಬಂದಿತ್ತು. ಮೊದಲ ವರ್ಷ ಹರಿದದ್ದು ಕಡಿಮೆ, ಎರಡನೆಯ ವರ್ಷ ಮತ್ತೆ ವಾರಕ್ಕೆ ಐವತ್ತರ ಮೇಲೆ. ಸೋಮವಾರ ಅವರನ್ನು ಯಾರೂ ಏನೂ ಕೇಳಲಿಲ್ಲ. ಜನ್ಮದಲ್ಲಿ ಮೊದಲ ಬಾರಿಗೆ ತಾವೇ ಕೈಯೆತ್ತಿದರು.

"ಸಾರ್, ಹೋದ ವಾರ ನಾನು ಹೊಲಿಗೆ ಕೋಣೆ ಬೇಕಾಗಲ್ಲ ಅಂದೆ. ಅದಕ್ಕೆ ನನ್ನ ಹತ್ರ ಆಧಾರ ಇರ್ಲಿಲ್ಲ. ಹೊಸ ಬಟ್ಟೆ ಈಗ ಹೆಚ್ಚು ಹರೀತಿಲ್ಲ, ಅಷ್ಟೇ. ಹಿಂದಿನ ಸಲ ಎರಡನೇ ವರ್ಷ ಹರಿಯೋಕೆ ಶುರುವಾಯ್ತು, ಪುಸ್ತಕ ತಂದಿದ್ದೀನಿ. ಈ ಸಲ ಏನಾಗುತ್ತೋ ನನಗೆ ಗೊತ್ತಿಲ್ಲ. ಎರಡು ವರ್ಷ ನೋಡಿ ತೀರ್ಮಾನ ಮಾಡಿ."

ಅವರ ಬಾಯಿಂದ ಅಷ್ಟು ಸರಿಯಾದ ಉತ್ತರ ಎಂದೂ ಬಂದಿರಲಿಲ್ಲ. ಅಷ್ಟು ಬೆಲೆಯಿಲ್ಲದ್ದೂ ಬಂದಿರಲಿಲ್ಲ.

"ಹೋದ ವಾರ ಎಷ್ಟು ಸ್ಪಷ್ಟವಾಗಿ ಹೇಳಿದ್ರಿ" ಎಂದರು ಆಡಳಿತಾಧಿಕಾರಿ, ಬೇಸರದಿಂದಲೇ. "ಇಪ್ಪತ್ತೆರಡು ವರ್ಷದ ಅನುಭವಸ್ಥರ ಮಾತು ಅಂತ ಅದನ್ನೇ ಮೇಲಕ್ಕೆ ಬರೆದೆ. ಒಪ್ಪಿಗೆ ಬಂದಾಯ್ತು ರಾಯರೇ. ಈ ತಿಂಗಳ ಕೊನೆಗೆ ಮುಚ್ಚಬೇಕು." ಪುಸ್ತಕವನ್ನು ಯಾರೂ ತೆರೆಯಲಿಲ್ಲ.

ರಾಯರು ಕೆಳಗಿಳಿದು ಬಂದಾಗ ಅಕ್ಕನಿಗೆ ಸುದ್ದಿ ಆಗಲೇ ತಲುಪಿತ್ತು. ಕೆಂಡದಂಥ ಮಾತು ಬರುತ್ತದೆಂದು ತಲೆ ತಗ್ಗಿಸಿ ನಿಂತರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದರು.

"ತಪ್ಪು ನಂದೇ" ಎಂದಳು ಆಕೆ. "ಮೂರನೇದು ಗೊತ್ತಿಲ್ಲದಿದ್ರೆ 'ವಿಚಾರಿಸಿ ಹೇಳ್ತೀನಿ' ಅನ್ನೋದೇ ಮೂರನೇ ವಾಕ್ಯ. ಸಂಘದಲ್ಲಿ ಎಲ್ಲರಿಗೂ ಅದನ್ನೇ ಮೊದಲು ಹೇಳಿಕೊಡ್ತಿದ್ದೆ. ನಿಮಗೆ ಹೇಳಲಿಲ್ಲ. ನೀವು ಬಾಯಿಬಿಟ್ರೆ ಸಾಕು ಅಂತ ಆತುರ ನನಗೆ."

"ಅಕ್ಕ, ಹಾಗನ್ನಬೇಡಿ."

"ಮನೇಲಿ ಅವರಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳೋದು ಅಂತ ಕೂತು ಯೋಚಿಸ್ತಿದ್ದೆ." ಕಾಲಿನಿಂದ ಬುಟ್ಟಿಯನ್ನು ಹತ್ತಿರ ಸರಿಸಿಕೊಂಡಳು. "ನನಗೇ ಮಾತು ಬರ್ತಿಲ್ಲ ನೋಡಿ."

ಬುಟ್ಟಿಯಲ್ಲಿ ಆ ವಾರದ ಹನ್ನೆರಡು ಶೀಟುಗಳಿದ್ದವು. ಮೇಲಿನದನ್ನು ಆಕೆ ಎಳೆದುಕೊಂಡಳು. ಹರಿದದ್ದು ನಡುವೆಯೇ, ಒಂದು ಬದಿ ನೆಲಕ್ಕೆ ಜಾರುತ್ತಿತ್ತು. ರಾಯರು ಬಗ್ಗಿ ಆ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಯಂತ್ರ ಓಡತೊಡಗಿತು.

"ಎಳೀಬೇಡಿ ರಾಯರೇ" ಎಂದಳು ಅಕ್ಕ, ತಲೆಯೆತ್ತದೆ. "ಸಡಿಲ ಬಿಡಿ. ಬಟ್ಟೆ ತಾನಾಗೇ ಬರುತ್ತೆ."