ಬೆಕ್ಕಿನ ಹೆಸರಿನ ಬೀಗ

ಹುಬ್ಬಳ್ಳಿ ಕಡೆಯಿಂದ ಬಂದು ಉಡುಪಿಯ ಒಂದು ವಿಡಿಯೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತಾರು. ಮುಸ್ಲಿಂ ಮದುವೆಗಳಲ್ಲಿ ಹೆಂಗಸರ ಕಡೆಯ ಚಿತ್ರೀಕರಣಕ್ಕೆ ಹೆಣ್ಣುಮಗಳೇ ಬೇಕೆಂದು ಕೇಳುತ್ತಿದ್ದರು, ಹಾಗಾಗಿ ನನ್ನನ್ನು ಇಟ್ಟುಕೊಂಡಿದ್ದರು. ಆ ಟೇಪುಗಳನ್ನು ಮಾಲೀಕರೂ ನೋಡುವಂತಿರಲಿಲ್ಲ. ಬಾಗಿಲು ಹಾಕಿಕೊಂಡು ನಾನೊಬ್ಬಳೇ ಎಡಿಟ್ ಮಾಡುತ್ತಿದ್ದೆ. ಯಾರದೋ ಮನೆಯ ನಗು, ಹಾಡು ಇಡೀ ದಿನ ಕಿವಿಯಲ್ಲಿ. ಸಂಜೆ ಹಾಸ್ಟೆಲ್ಲಿಗೆ ಹೋದರೆ ಎಲ್ಲರೂ ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ನನ್ನನ್ನು ಕಂಡರೆ ಮರ್ಯಾದೆಗೆ ಕನ್ನಡಕ್ಕೆ ಹೊರಳುತ್ತಿದ್ದರು, ಆಗ ಮಾತೇ ನಿಂತುಹೋಗುತ್ತಿತ್ತು.

ಒಂದು ದಿನ ಕಾಪುವಿನ ಒಬ್ಬ ತಾಯಿ ಬಂದರು. ಹಿಂದಿನ ತಿಂಗಳು ಅವರ ಕಿರಿಮಗಳ ಮದುವೆ ನಾನೇ ಶೂಟ್ ಮಾಡಿದ್ದೆ. ಹಿರಿಮಗಳು ಶಾರ್ಜಾದಲ್ಲಿದ್ದಳು. ತುಂಬು ಬಸುರಿಯಾದ್ದರಿಂದ ಮದುವೆಗೆ ಬರಲಾಗಿರಲಿಲ್ಲ.

"ಸೀಡಿ ಕಳಿಸುವ ಅಂದ್ರೆ, ಅಲ್ಲಿ ಕಸ್ಟಮ್ಸಿನವರು ಹಾಕಿ ನೋಡ್ತಾರಂತೆ. ಹೆಂಗಸರದ್ದು ಅಲ್ವಾ. ಬೇರೆ ದಾರಿ ಉಂಟಾ?" ಎಂದರು.

ಇತ್ತು. ಇಂಟರ್ನೆಟ್ಟಿನಲ್ಲಿ ದೊಡ್ಡ ಫೈಲು ಏರಿಸಿದರೆ ಒಂದು ಲಿಂಕ್ ಕೊಡುವ ಜಾಗಗಳು ಆಗಷ್ಟೇ ಬಂದಿದ್ದವು. ಏಳು ದಿನ ಕಳೆದರೆ ಲಿಂಕ್ ಸಾಯುತ್ತದೆ, ಫೈಲೂ ಅಳಿದುಹೋಗುತ್ತದೆ. ಆದರೆ ಅದನ್ನು ಇಳಿಸಿಕೊಳ್ಳುವವನು ಶಾರ್ಜಾದ ಅಳಿಯ, ಅದೂ ಆಫೀಸಿನ ಕಂಪ್ಯೂಟರಿನಲ್ಲಿ. ಅದಕ್ಕೇ ವಿಡಿಯೋವನ್ನು ಜಿಪ್ ಮಾಡಿ ಪಾಸ್‌ವರ್ಡ್ ಹಾಕೋಣವೆಂದೆ. ಬೀಗ ಹಾಕಿದರೂ ಜಿಪ್ಪಿನೊಳಗಿನ ಫೈಲಿನ ಹೆಸರು ಹೊರಗೆ ಕಾಣುತ್ತದೆ, ಆದ್ದರಿಂದ ಬರೀ 'ಒಂದು' ಎಂದು ಹೆಸರಿಟ್ಟೆ.

"ಪಾಸ್‌ವರ್ಡ್ ಮೇಲ್‌ನ್ಯಾಗ ಬರಿಯೋದು ಬ್ಯಾಡ್ರಿ ಅಮ್ಮ. ಮಗಳಿಗೆ ಫೋನಿನಾಗ ನೀವ ಹೇಳ್ರಿ. ನಿಮ್ಮಿಬ್ಬರಿಗೇ ಗೊತ್ತಿರೋದು ಏನರ ಇರಲಿ," ಎಂದೆ.

ಅವರು ಯೋಚಿಸಿ, ಮಗಳು ಚಿಕ್ಕಂದಿನಲ್ಲಿ ಸಾಕಿದ ಬೆಕ್ಕಿನ ಹೆಸರು ಹೇಳಿದರು. ಜೊತೆಗೆ ಹಳೆಯ ಮನೆಯ ನಂಬರು.

ಜಿಪ್ ಮಾಡಿದರೆ ವಿಡಿಯೋ ಸಣ್ಣದಾಗುವುದಿಲ್ಲ. ಲಿಂಕ್ ಕೊಡುವ ಜಾಗದ ನೂರು ಎಂಬಿಯ ಮಿತಿಯೊಳಗೆ ತರಲು ಗುಣಮಟ್ಟ ಇಳಿಸಿದೆ. ಸಾಲಲಿಲ್ಲ, ಹತ್ತು ನಿಮಿಷ ಕತ್ತರಿಸಿದೆ. ಏರಿಸಲು ಒಂದು ಗಂಟೆ ಹಿಡಿಯಿತು.

ಅಳಿಯ ಮೇಲ್ ತೆರೆದದ್ದು ಎಂಟನೆಯ ದಿನ. ಲಿಂಕ್ ಒತ್ತಿದರೆ ಫೈಲು ಇಲ್ಲವೆಂದು ಬಂತಂತೆ. ತಾಯಿ ಮತ್ತೆ ಬಸ್ಸು ಹತ್ತಿ ಬಂದರು. ಈ ಸಲ ಅವನಿಗೆ ಮೊದಲೇ ಫೋನ್ ಮಾಡಿಸಿ ಬುಧವಾರ ಏರಿಸಿದೆ. ಮರುದಿನ ಅವನು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ದ.

ಶುಕ್ರವಾರ ಮಧ್ಯಾಹ್ನ ಸ್ಟುಡಿಯೋದ ಫೋನ್ ರಿಂಗಾಯಿತು. ಹಿರಿಮಗಳು. ಗಂಡ ಜುಮ್ಮಾ ನಮಾಜಿಗೆ ಹೋಗಿದ್ದನಂತೆ.

"ಪಾಸ್‌ವರ್ಡ್ ತಪ್ಪು ಅಂತ ಬರ್ತಾ ಉಂಟು. ಹತ್ತು ಸಲ ಹಾಕಿದೆ," ಎಂದಳು.

ತಪ್ಪು ನನ್ನದು. ಬೆಕ್ಕಿನ ಹೆಸರನ್ನು ನನಗೆ ಕೇಳಿಸಿದಂತೆ ಇಂಗ್ಲಿಷಿನಲ್ಲಿ ಟೈಪಿಸಿದ್ದೆ. ತಾಯಿಗೆ ಇಂಗ್ಲಿಷ್ ಬಾರದು, ಬಾಯಲ್ಲಿ ಹೇಳಿದ್ದರಷ್ಟೆ. ಒಂದೊಂದೇ ಅಕ್ಷರ ಹೇಳಿದೆ. "ಮೊದಲನೇದು ಮಾತ್ರ ದೊಡ್ಡ ಅಕ್ಷರ. ನಡುವೆ 'ಟಿ' ಎರಡು. ಆಮೇಲೆ ಜಾಗ ಬಿಡದೆ ನಂಬರು."

"ನಾವು ಒಂದೇ 'ಟಿ' ಬರಿತಿದ್ದದ್ದು," ಎಂದಳು. ಕೀಲಿಗಳ ಸದ್ದು. ಆಮೇಲೆ ಕಡಲಾಚೆಯಿಂದ ಮದರಂಗಿ ಹಚ್ಚುವಾಗಿನ ಮೈಲಾಂಜಿಯ ಹಾಡು ಕೇಳಿಸಿತು.

ಅವಳು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.

"ಅಮ್ಮ ಸಪೂರ ಆಗಿದ್ದಾರೆ," ಎಂದಳು. ಹಾಡು ಮುಗಿದ ಮೇಲೆ, "ತಂಗಿ ನನ್ನನ್ನು ಕೇಳಲಿಲ್ವಾ?"

ಕೇಳಿದ್ದಳು. ಕೈಗೆ ಮೈಲಾಂಜಿ ಹಚ್ಚುವಾಗ ಅಕ್ಕನ ಹೆಸರು ಹೇಳಿ ಅತ್ತಿದ್ದಳು. ಮದುವೆಯಲ್ಲಿ ಅಳು ಯಾಕೆಂದು ಜಾಗ ಉಳಿಸಲು ನಾನು ಕತ್ತರಿಸಿದ್ದು ಅದನ್ನೇ. ಹಾಗೆಂದು ಒಪ್ಪಿಕೊಂಡೆ.

"ಅದನ್ನು ಕಳಿಸಿ. ಅದೇ ಬೇಕಾದ್ದು ನನಗೆ," ಎಂದಳು.

ಸಂಜೆಯೇ 'ಎರಡು' ಎಂದು ಹೆಸರಿಟ್ಟು ಬೀಗ ಹಾಕಿ ಏರಿಸಿದೆ. ಈ ಸಲ ಒಂದೇ 'ಟಿ'. ಶನಿವಾರ ಲಿಂಕ್ ಕೊಟ್ಟ ಜಾಗದಿಂದ, ಫೈಲು ಇಳಿಸಿಕೊಂಡಿದ್ದಾರೆ ಎಂಬ ಮೇಲ್ ಬಂತು. ಅವಳಿಂದ ಮತ್ತೆ ಫೋನ್ ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ. ಆದರೂ ಮುಂದಿನ ಎರಡು ಮೂರು ಶುಕ್ರವಾರ ಊಟಕ್ಕೆ ಹೊರಗೆ ಹೋಗದೆ ಕುಳಿತೆ.

ತಾಯಿ ಕೊನೆಗೊಮ್ಮೆ ಬಂದು, ಕಂಪ್ಯೂಟರಿನಲ್ಲಿದ್ದದ್ದನ್ನು ಅವರ ಎದುರೇ ಅಳಿಸಲು ಹೇಳಿದರು. ಅಳಿಸಿದೆ. ಟೇಪನ್ನು ಚೀಲಕ್ಕೆ ಹಾಕಿಕೊಂಡರು.

"ಮೊಮ್ಮಗು ಹುಟ್ಟಿತು, ಗಂಡು. ಪೆರ್ನಾಳಿಗೆ ಮನೆಗೆ ಬಾ ಮಗಳೇ, ಒಬ್ಬಳೇ ಎಂತ ಮಾಡ್ತಿ ಇಲ್ಲಿ?"

ಬರುತ್ತೇನೆಂದೆ. ಈದ್ ಹಬ್ಬದ ದಿನ ಸೀರೆಯುಟ್ಟು ಬಸ್ ಸ್ಟ್ಯಾಂಡಿನವರೆಗೂ ಹೋದೆ. ಆ ಮನೆಯ ಹೆಂಗಸರೆಲ್ಲರ ಮುಖ ನನಗೆ ಗೊತ್ತಿತ್ತು, ಯಾರು ಯಾವ ಹಾಡಿಗೆ ಹೇಗೆ ನಗುತ್ತಾರೆಂಬುದೂ. ಅವರಲ್ಲಿ ಎಷ್ಟು ಜನಕ್ಕೆ ಕ್ಯಾಮೆರಾದ ಹಿಂದಿದ್ದವಳ ಮುಖ ನೆನಪಿದ್ದೀತು ಎಂದು ಯೋಚಿಸುತ್ತ ನಿಂತೆ. ಕಾಪುವಿನ ಎರಡು ಬಸ್ಸು ಹೋದವು. ಮೂರನೆಯದು ಬರುವ ಮೊದಲೇ ಹಾಸ್ಟೆಲ್ಲಿನ ದಾರಿ ಹಿಡಿದೆ.