ಕೆಂಚನ ಕಾಲಿನ ದಾರ

ನಮ್ಮ ಕೃಷ್ಣಮೂರ್ತಿಪುರಂ ಬೀದಿಯಲ್ಲಿ ಬೆಟ್ಟಮ್ಮನ ಇಡ್ಲಿ ತಿನ್ನದವರಿಲ್ಲ, ಅವಳ ಹತ್ತಿರ ಬೈಸಿಕೊಳ್ಳದವರೂ ಇಲ್ಲ. ಗಂಡ ತೀರಿಕೊಂಡ ಮೇಲೆ ಅವಳಿಗೆ ಜೊತೆಯೆಂದರೆ ಕೆಂಚ, ಚರಂಡಿಯಿಂದ ಎತ್ತಿ ತಂದು ಸಾಕಿದ ನಾಯಿ. ಪ್ರತಿವರ್ಷ ಮಾದಪ್ಪನ ಬೆಟ್ಟಕ್ಕೆ ಹೋಗಿಬಂದು ಅದರ ಕಾಲಿಗೆ ಹೊಸ ಕಪ್ಪು ದಾರ ಕಟ್ಟುತ್ತಿದ್ದಳು. ದಾರ ಕಂಡರೆ ಸಾಕು, ಕೆಂಚ ತಾನೇ ಎಡ ಮುಂಗಾಲು ಎತ್ತಿ ಕೊಡುತ್ತಿತ್ತು.

ಈ ಸಲ ಬೆಟ್ಟಕ್ಕೆ ಹೊರಟಾಗ ಅದನ್ನು ರಾಮಕೃಷ್ಣನಗರದ ಒಂದು ನಾಯಿ ಬೋರ್ಡಿಂಗ್‌ನಲ್ಲಿ ಬಿಟ್ಟಳು. ವಾಪಸ್ ಕರೆತರಲು ಹೋದರೆ ಕಾಲಿಗೆ ಬ್ಯಾಂಡೇಜು. ಸಣ್ಣ ಗಾಯ ಅಂದರಂತೆ. ಮನೆಗೆ ತಂದು ಬಿಚ್ಚಿದರೆ ಪಾದವೆಲ್ಲ ಕಪ್ಪಗಾಗಿತ್ತು. ರಕ್ತ ಓಡಾಡದೆ ಕೊಳೆತಿದೆ ಎಂದು ಡಾಕ್ಟರ್ ಸಂಘಮಿತ್ರ ಭುಜದವರೆಗೆ ಕಾಲನ್ನೇ ತೆಗೆದರು.

ಪಕ್ಕದ ಮನೆಯ ನನಗೆ ಮೈಯೆಲ್ಲ ಉರಿದುಹೋಯಿತು. ಚಿಕಿತ್ಸೆಯ ಖರ್ಚು ಕೊಡಬೇಕು, ಏನಾಯಿತೆಂದು ಲಿಖಿತವಾಗಿ ತಿಳಿಸಬೇಕು, ಇಲ್ಲದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ ಎಂದು ದೂರು ನಾನೇ ಬರೆದೆ. ಬಿಲ್ಲು, ಡಾಕ್ಟರ ವರದಿ ಲಗತ್ತಿಸಿ ಇಬ್ಬರೂ ಹೋದೆವು.

ಬೋರ್ಡಿಂಗ್ ಮಾಲೀಕ ಮನೋಹರ್ ದೂರು ಓದುತ್ತಿದ್ದಂತೆ ಬೆಟ್ಟಮ್ಮ ತಡೆದಳು.

"ದುಡ್ಡಿನ್ ಮಾತು ಆಮೇಲೆ ಕಣಪ್ಪ. ನನ್ ಮಗೀಗೆ ಏನಾಯ್ತು, ಅದ್ ಹೇಳು ಮೊದ್ಲು."

ಆತ ಕ್ಯಾಮೆರಾದ ದೃಶ್ಯ ತೋರಿಸಿದ. ಕೆಂಚನ ಕಾಲಿನ ದಾರ ಗೂಡಿನ ಸರಳಿಗೆ ಸಿಕ್ಕಿಕೊಂಡಿತ್ತು. ಅದು ಎಳೆದಷ್ಟೂ, ಸುತ್ತಿದಷ್ಟೂ ದಾರ ಬಿಗಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಕೆಲಸದವನೊಬ್ಬ ಬಂದು ದಾರ ಕತ್ತರಿಸಿ ಬ್ಯಾಂಡೇಜು ಸುತ್ತಿದ.

"ತಪ್ಪು ನಮ್ದೇ ಅಮ್ಮ. ತಕ್ಷಣ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬೇಕಿತ್ತು, ನಿಮ್ಗೂ ಹೇಳ್ಬೇಕಿತ್ತು. ಖರ್ಚು ಪೂರ್ತಿ ಕೊಡ್ತೀವಿ, ಬರೆದೂ ಕೊಡ್ತೀವಿ." ಆಮೇಲೆ ತಲೆ ತಗ್ಗಿಸಿ ಹೇಳಿದ, "ಸೇರಿಸ್ಕೊಳ್ಳೋವಾಗ ಬೆಲ್ಟು, ದಾರ ಎಲ್ಲಾ ಬಿಚ್ತೀವಿ. ನೀವೇ ಬೇಡ ಅಂದ್ರಿ."

"ಊಂ ಕಣಪ್ಪ," ಎಂದಳು ಬೆಟ್ಟಮ್ಮ. "ಮಾದಪ್ಪನ ದಾರ, ಬಿಚ್ಚಿದ್ರೆ ಕೇಡು ಅಂದ್ಬುಟ್ಟೆ."

"ಅವಳು ಬೇಡ ಅಂದ್ರೆ ಆಯ್ತಾ? ಅಪಾಯ ಅಂತ ತಿಳಿಸಿ ಹೇಳೋದು ನಿಮ್ ಕೆಲ್ಸ ಅಲ್ವಾ?" ಎಂದು ನಾನು ರೇಗಿದೆ. ಬೆಟ್ಟಮ್ಮ ನನ್ನ ಕೈ ಹಿಡಿದಳು. ಬೀದಿಯನ್ನೆಲ್ಲ ಬೈಯುವವಳು ಅವತ್ತು ನನ್ನನ್ನೇ ಹೊರಗೆ ಕರೆದುಕೊಂಡು ಬಂದಳು.

ಆಟೋದಲ್ಲಿ ದಾರಿಯುದ್ದಕ್ಕೂ, ನಿನ್ನ ತಪ್ಪಲ್ಲ ಕಣೇ ಎಂದೆ.

ಬಾಗಿಲ ಬಳಿ ಕೀಲಿಗೆಂದು ಚೀಲಕ್ಕೆ ಕೈಹಾಕಿದಳು. ಕೀಲಿಯ ಜೊತೆ ಬೆಟ್ಟದಿಂದ ತಂದಿದ್ದ ಹೊಸ ದಾರವೂ ಬಂತು. ಒಳಗೆ ಹೋಗುತ್ತಲೇ ಕೆಂಚ ಕುಂಟುತ್ತಾ ಎದುರು ಬಂತು. ಅವಳ ಕೈಯಲ್ಲಿದ್ದ ದಾರ ನೋಡಿತು. ಎಂದಿನಂತೆ ಮುಂದೆ ಕುಳಿತು ಬಾಲ ಆಡಿಸುತ್ತಾ, ಹೊಲಿಗೆ ಹಾಕಿದ್ದ ಎಡಭುಜವನ್ನು ಎತ್ತಿತು. ಅವಳು ಕಟ್ಟದಿರುವುದನ್ನು ಕಂಡು ಮತ್ತೆ ಎತ್ತಿತು.